ಪ್ರಿಂಟ್ ಸ್ಕ್ರೀನ್ ಒತ್ತಿದರೆ ಏನೂ ಆಗುತ್ತಿಲ್ಲ, ಕೀಬೋರ್ಡ್ ಹೋಯ್ತಾ?

ಗದಗಿನವ:
ಪ್ರಿಂಟ್ ಸ್ಕ್ರೀನ್ ಕೀ ಒತ್ತಿ ಒತ್ತಿ ಸಾಕಾಗಿದೆ. ಶಬ್ದ ಇಲ್ಲ, ಮೆಸೇಜ್ ಇಲ್ಲ, ಫೈಲ್ ಅಂತೂ ಎಲ್ಲೂ ಇಲ್ಲ. ಆನ್‌ಲೈನ್ ಅರ್ಜಿಯ ಕೊನೇ ಪುಟದಲ್ಲಿ ಕೆಂಪು ಅಕ್ಷರದ ಎರರ್ ಬರುತ್ತಿದೆ, ಅದರ ಸ್ಕ್ರೀನ್‌ಶಾಟ್ ಕಳಿಸಿದರೆ ಮಾತ್ರ ನೋಡುತ್ತೇವೆ ಅಂತ ಹೆಲ್ಪ್‌ಡೆಸ್ಕ್‌ನವರು ಪಟ್ಟು ಹಿಡಿದಿದ್ದಾರೆ. ಪೇಸ್ಟ್ ಮಾಡಿದರೂ ಬರಲ್ಲ. ನಾಳೆ ಕೊನೇ ದಿನ, ಬೇಗ ಹೇಳಿ.

ಬ್ರೌನ್‌ಸ್ವಿಚ್:
ಕೀ ಕೆಳಗಿನ ರಬ್ಬರ್ ಸವೆದಿರುತ್ತೆ, ಇದು ಗ್ಯಾರಂಟಿ. ಹೊಸದು ತಗೊಳ್ಳಿ. ನಾನು ಮೆಕ್ಯಾನಿಕಲ್ ಕೀಬೋರ್ಡ್‌ಗೆ ಬಂದ ಮೇಲೆ ಈ ತಲೆನೋವೇ ಇಲ್ಲ. ಒಂದು ಸ್ವಿಚ್ ಕೆಟ್ಟರೆ ಅದೊಂದನ್ನೇ ಕಿತ್ತು ಬೇರೆ ಹಾಕುತ್ತೇನೆ.

ಲ್ಯಾಬ್ ಅಕ್ಕ:
ತಡೀರಿ, ಈಗಲೇ ದುಡ್ಡು ಹಾಕಬೇಡಿ. ವಿಂಡೋಸ್ 10ರಲ್ಲಿ ಆ ಕೀ ಒತ್ತಿದಾಗ ಏನೂ ಕಾಣದೇ ಇರುವುದು ಸಹಜ. ಪರದೆಯ ಚಿತ್ರ ಸದ್ದಿಲ್ಲದೆ ಕ್ಲಿಪ್‌ಬೋರ್ಡ್‌ಗೆ ಹೋಗಿ ಕೂರುತ್ತೆ, ಅಂದರೆ ಬರೀ ಮೆಮೊರಿಯಲ್ಲಿ ಇರುತ್ತೆ, ಫೈಲ್ ಆಗಲ್ಲ. ನಿಮ್ಮದು ಯಾವ ವಿಂಡೋಸ್? ಪೇಸ್ಟ್ ಮಾಡಿದ್ದು ಎಲ್ಲಿ?

ಪೆಂಗ್ವಿನ್ ಪ್ರಿಯ:
ಉಬುಂಟು 22.04ರಲ್ಲಿ ಅದೇ ಕೀ ಒತ್ತಿದರೆ ಯಾವ ಭಾಗ ಬೇಕು ಅಂತ ಕೇಳುತ್ತೆ, ಫೈಲೂ ಸೇವ್ ಆಗುತ್ತೆ, ಕ್ಲಿಪ್‌ಬೋರ್ಡ್‌ಗೂ ಹೋಗುತ್ತೆ. ವಿಂಡೋಸ್ ಬಿಟ್ಟು ಬನ್ನಿ.

ಬ್ರೌನ್‌ಸ್ವಿಚ್:
ನಾಳೆ ಅರ್ಜಿಗೆ ಕೊನೇ ದಿನ ಅಂತಿದ್ದಾರೆ, ಇವತ್ತು ಓಎಸ್ ಬದಲಾಯಿಸಬೇಕಾ? ಸ್ವಲ್ಪ ಅವರ ಕಷ್ಟ ನೋಡಿ.

ಗದಗಿನವ:
ವಿಂಡೋಸ್ 10. ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿದೆ, ಡೆಸ್ಕ್‌ಟಾಪ್ ಮೇಲೂ ಮಾಡಿದೆ. ಎರಡೂ ಕಡೆ ಏನೂ ಬರಲಿಲ್ಲ.

ಲ್ಯಾಬ್ ಅಕ್ಕ:
ಅಲ್ಲೇ ಇದೆ ನೋಡಿ ವಿಷಯ. ನೋಟ್‌ಪ್ಯಾಡ್ ಅಕ್ಷರ ಮಾತ್ರ ತಗೊಳ್ಳುತ್ತೆ, ಚಿತ್ರ ಕೊಟ್ಟರೆ ಸುಮ್ಮನಿರುತ್ತೆ. ಡೆಸ್ಕ್‌ಟಾಪ್‌ಗೆ ಬೇಕಿರುವುದು ಫೈಲ್, ನಿಮ್ಮ ಹತ್ತಿರ ಇರುವುದು ಇನ್ನೂ ಫೈಲ್ ಆಗದ ಚಿತ್ರ. ಕೀ ಕೆಲಸ ಮಾಡುತ್ತಾ ಅಂತ ಖಚಿತ ಮಾಡಿಕೊಳ್ಳೋಣ. ಮೊದಲು ವಿಂಡೋಸ್ ಜೊತೆ ಬಂದಿರುವ ಪವರ್‌ಶೆಲ್ ತೆರೆಯಿರಿ, ಆಮೇಲೆ ಪ್ರಿಂಟ್ ಸ್ಕ್ರೀನ್ ಒತ್ತಿ, ತಕ್ಷಣ ಇದನ್ನು ಕೊಡಿ:

```
Get-Clipboard -Format Image
```

ಚಿತ್ರ ಇದ್ದರೆ Width, Height ಅಂತ ಅಂಕಿ ಬರುತ್ತೆ.

ಗದಗಿನವ:
ಏನೂ ಬರಲಿಲ್ಲ ಅಕ್ಕಾ. ಖಾಲಿ ಸಾಲು.

ಬ್ರೌನ್‌ಸ್ವಿಚ್:
ನಾನು ಹೇಳಲಿಲ್ವಾ! ಕೀಬೋರ್ಡೇ. ಬೇಕಾದರೆ `osk` ಕೊಟ್ಟು ಪರದೆ ಮೇಲಿನ ಕೀಬೋರ್ಡ್‌ನಿಂದ ಒತ್ತಿ ನೋಡಿ. ಲ್ಯಾಪ್‌ಟಾಪ್ ಆದರೆ ಎಫ್ಎನ್ ಕೀಯನ್ನೂ ಜೊತೆಗೆ ಹಿಡಿಯಬೇಕಾಗಬಹುದು, ಕೆಲವು ಮಾಡೆಲ್‌ಗಳಲ್ಲಿ ಒಂದೇ ಕೀಗೆ ಎರಡು ಕೆಲಸ ಇರುತ್ತೆ.

ಲ್ಯಾಬ್ ಅಕ್ಕ:
ಎಫ್ಎನ್ ಮಾತು ಸರಿ, ಅದನ್ನೂ ನೋಡಿ. ಆದರೆ ಗದಗಿನವರೇ, ಆ ಸಾಲನ್ನು ಟೈಪ್ ಮಾಡಿದಿರಾ, ಇಲ್ಲಿಂದ ಕಾಪಿ ಮಾಡಿದಿರಾ?

ಗದಗಿನವ:
ಪ್ರಿಂಟ್ ಸ್ಕ್ರೀನ್ ಒತ್ತಿ, ಇಲ್ಲಿಗೆ ಬಂದು ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡಿದೆ. ಯಾಕೆ?

ಲ್ಯಾಬ್ ಅಕ್ಕ:
ಕಾಪಿ ಅಂದ ಕೂಡಲೇ ಚಿತ್ರ ಹೋಯ್ತು, ಅದರ ಜಾಗಕ್ಕೆ ಆ ಸಾಲು ಬಂತು. ಮಾಮೂಲಿ ಕ್ಲಿಪ್‌ಬೋರ್ಡ್‌ನಲ್ಲಿ ಕೊನೆಗೆ ಕಾಪಿ ಮಾಡಿದ್ದು ಒಂದೇ ಇರುತ್ತೆ. ಆ ಸಾಲನ್ನು ಕೈಯಲ್ಲೇ ಟೈಪ್ ಮಾಡಿ.

ಗದಗಿನವ:
ಬಂತು! Width 1366, Height 768. ಪೇಂಟ್ ತೆರೆದು ಕಂಟ್ರೋಲ್ ವಿ ಒತ್ತಿದೆ, ಇಡೀ ಪರದೆ ಬಂತು, ಕೆಂಪು ಎರರ್ ಕೂಡ ಇದೆ. ಮೊದಲು ಮೇಲ್‌ನಲ್ಲಿ ಪೇಸ್ಟ್ ಮಾಡಿದಾಗ ಬರೀ ಅರ್ಜಿ ನಂಬರ್ ಬರುತ್ತಿತ್ತು. ಸ್ಕ್ರೀನ್‌ಶಾಟ್ ಆದಮೇಲೆ ಆ ನಂಬರನ್ನು ಕಾಪಿ ಮಾಡುತ್ತಿದ್ದೆ, ಅದೇ ಕಾರಣ ಅಲ್ವಾ?

ಲ್ಯಾಬ್ ಅಕ್ಕ:
ಅದೇ. ಈಗ ಮೊದಲು ಪೇಂಟ್‌ನಲ್ಲಿ ಸೇವ್ ಮಾಡಿ, ಉಳಿದದ್ದು ಆಮೇಲೆ. ಕಂಪ್ಯೂಟರ್ ಆಫ್ ಮಾಡಿದರೆ ಕ್ಲಿಪ್‌ಬೋರ್ಡ್‌ನಲ್ಲಿರುವುದು ಉಳಿಯಲ್ಲ. ವಿಂಡೋಸ್ ಕೀ ಮತ್ತು ವಿ ಒಟ್ಟಿಗೆ ಒತ್ತಿದರೆ ಹಿಸ್ಟರಿ ಆನ್ ಮಾಡಲು ಕೇಳುತ್ತೆ, ಆನ್ ಮಾಡಿಕೊಂಡರೆ ಹಿಂದಿನ 25ರವರೆಗೆ ಉಳಿಯುತ್ತವೆ. ಆನ್ ಮಾಡುವ ಮೊದಲು ಹೋದದ್ದು ವಾಪಸ್ ಬರಲ್ಲ. ಒಂದೊಂದೂ 4 ಎಂಬಿ ಒಳಗಿರಬೇಕು, ಹಾಗಾಗಿ ದೊಡ್ಡ ಮಾನಿಟರ್ ಚಿತ್ರಗಳಿಗೆ ಅದನ್ನೇ ನೆಚ್ಚಿಕೊಳ್ಳಬೇಡಿ. ನೇರವಾಗಿ ಫೈಲೇ ಬೇಕಾದರೆ ವಿಂಡೋಸ್ ಕೀ ಜೊತೆ ಪ್ರಿಂಟ್ ಸ್ಕ್ರೀನ್ ಒತ್ತಿ, ಪರದೆ ಒಂದು ಕ್ಷಣ ಮಂಕಾಗಿ `Pictures\Screenshots` ಒಳಗೆ ಸೇವ್ ಆಗುತ್ತೆ.

ಸಿನಿಮಾ ಮಂಜ:
ನನ್ನದೂ ಇದೇ ಸಮಸ್ಯೆ. ಓಟಿಟಿಯಲ್ಲಿ ಸಿನಿಮಾ ಓಡುವಾಗ ಒತ್ತಿದರೆ ಪೇಂಟ್‌ನಲ್ಲಿ ಕಪ್ಪು ಚೌಕ ಬರುತ್ತೆ. ಹಿಸ್ಟರಿ ಆನ್ ಮಾಡಿದರೆ ಸರಿಹೋಗುತ್ತಾ?

ಲ್ಯಾಬ್ ಅಕ್ಕ:
ಇಲ್ಲ ಮಂಜಣ್ಣ, ಅದು ಬೇರೆ. ಕಾಪಿ ತಡೆ ಇರುವ ವಿಡಿಯೋ ಹಾಗೇ ಕಪ್ಪಾಗಿ ಬರುತ್ತೆ, ಕ್ಲಿಪ್‌ಬೋರ್ಡ್ ತಪ್ಪಲ್ಲ.

ಗದಗಿನವ:
ಮೇಲ್ ಕಳಿಸಿದೆ ಅಕ್ಕಾ, ಥ್ಯಾಂಕ್ಸ್. ಆದರೆ ವಿಂಡೋಸ್ ಕೀ ಜೊತೆ ಒತ್ತಿದರೆ ಪರದೆ ಮಂಕಾಗುತ್ತಿಲ್ಲ, ಆ ಫೋಲ್ಡರೂ ಇಲ್ಲ. ಎಫ್ಎನ್ ಸೇರಿಸಿದರೂ ಅಷ್ಟೇ.

ಬ್ರೌನ್‌ಸ್ವಿಚ್:
ಈಗ ನಿಜವಾಗಿಯೂ ಕೀಬೋರ್ಡೇ. ಮಾಡೆಲ್ ನಂಬರ್ ಹಾಕಿ.