“ಧಾತು ಹೋಗುತ್ತೆ” ಅಂದರೆ ನಿಮ್ಮ ಕಡೆ ಏನೇನು ಅರ್ಥ?

ವಿಜಯಪುರದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಹದಿಹರೆಯದವರ ಆಪ್ತಸಮಾಲೋಚಕ. ಹುಡುಗರಿಗೆ ಕೊಡೋಕೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ, ಒಂದು ಪದದ ಹತ್ತಿರ ನಿಂತಿದ್ದೇನೆ.

ಸಿಂದಗಿ ಕಡೆಯ ಒಬ್ಬ ಹುಡುಗ ಪೊಲೀಸ್ ಭರ್ತಿಗೆ ಓಟದ ತಯಾರಿ ಮಾಡುತ್ತಿದ್ದ. ಬಂದವನೇ “ಸರ, ಧಾತು ಹೊಂಟೈತ್ರಿ, ಕಾಲಾಗ ಕಸುವು ಇಲ್ಲ” ಅಂದ. ಏನು ಕಾಣುತ್ತೆ ಅಂತ ಕೇಳಿದೆ. ಬೆಳಗ್ಗೆ ಮೂತ್ರ ಬೆಳ್ಳಗೆ ಹೋಗುತ್ತೆ ಅಂದ. ಅದೇ ವಾರ ಇನ್ನೊಬ್ಬ ಇದೇ ಮಾತು ಹೇಳಿದ, ಅವನದು ರಾತ್ರಿ ನಿದ್ದೆಯಲ್ಲಿ ಚಡ್ಡಿ ಒದ್ದೆಯಾಗುವುದು. ಮೂರನೆಯವನು ಅಂದಿದ್ದೂ “ಧಾತು” ಅಂತಲೇ, ಆದರೆ ಅವನಿಗೆ ಉರಿ ಇತ್ತು, ಹಳದಿ ಕೀವು ಬರುತ್ತಿತ್ತು. ಅವನನ್ನು ಅವತ್ತೇ ಡಾಕ್ಟರ ಹತ್ತಿರ ಕಳಿಸಿದೆ.

ಈಗ ಇರುವ ಕರಪತ್ರಗಳಲ್ಲಿ ಇವೆಲ್ಲಕ್ಕೂ “ವೀರ್ಯನಷ್ಟ” ಅಂತ ಹಾಕಿದ್ದಾರೆ. “ನಷ್ಟ” ಅಂತ ತಲೆಬರಹದಲ್ಲೇ ಬರೆದು, ಕೆಳಗೆ ಹೆದರಬೇಡಿ ಅಂದರೆ ಯಾರು ನಂಬುತ್ತಾರೆ? ನಿಮ್ಮ ಕಡೆ ಧಾತು ಅಂದರೆ ಏನೇನು? ಬೇರೆ ಪದ ಇದೆಯಾ?

ಬಾಗಲಕೋಟೆಯಿಂದ

ಪದದ ಮೂಲ ಹೇಳಿಬಿಡುತ್ತೇನೆ. ವ್ಯಾಕರಣದಲ್ಲಿ ಧಾತು ಅಂದರೆ ಕ್ರಿಯಾಪದದ ಮೂಲರೂಪ, ಮಾಡು, ಹೋಗು ಇಂಥವು. ಅರವತ್ತು ಸಂವತ್ಸರಗಳಲ್ಲಿ ಒಂದರ ಹೆಸರೂ ಧಾತು. ಆಯುರ್ವೇದದಲ್ಲಿ ಏಳು ಧಾತು: ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಕೊನೆಗೆ ಶುಕ್ರ. ಒಂದರಿಂದ ಒಂದು ಆಗುತ್ತಾ ಬರುತ್ತದೆ. ಹಿರಿಯರು ಹೇಳುತ್ತಿದ್ದ ಲೆಕ್ಕವೂ ಇದರದ್ದೇ: ನಲವತ್ತು ಹನಿ ರಕ್ತಕ್ಕೆ ಒಂದು ಹನಿ ಮಜ್ಜೆ, ನಲವತ್ತು ಹನಿ ಮಜ್ಜೆಗೆ ಒಂದು ಹನಿ ವೀರ್ಯ. ಹಾಗಾಗಿ “ನಷ್ಟ” ಅನ್ನುವುದು ತಪ್ಪೇನಲ್ಲ ಅಂತ ನನ್ನ ಅನಿಸಿಕೆ. ನಮ್ಮ ಗರಡಿ ಮನೆಯ ಪೈಲ್ವಾನರು ಸುಮ್ನೆ ಲಂಗೋಟಿ ಬಿಗಿ ಅನ್ನುತ್ತಿದ್ದರಾ?

ಜಮಖಂಡಿಯಿಂದ

ಮಾಸ್ತರರಿಗೆ ನಮಸ್ಕಾರ. ಏಳು ಧಾತುಗಳ ಸಾಲು ನೀವು ಹೇಳಿದ್ದು ಸರಿ. ಸುಶ್ರುತದಲ್ಲಿ ಅನ್ನರಸ ಶುಕ್ರವಾಗೋಕೆ ಒಂದು ತಿಂಗಳು ಬೇಕು ಅಂತ ಇದೆ. ಆದರೆ ಆ ನಲವತ್ತರ ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡಿ ಸರ್. ಒಂದು ಸಲಕ್ಕೆ ಬರುವುದು ಸುಮಾರು 3 ಮಿಲಿ. ಒಂದು ಮಿಲಿಗೆ 20 ಹನಿ ಅಂದರೂ 60 ಹನಿ ಆಯಿತು. ಒಂದು ಹನಿಗೆ ನಲವತ್ತು ನಲವತ್ತಲಿ 1600 ಹನಿ ರಕ್ತ, ಅರವತ್ತು ಹನಿಗೆ 96,000 ಹನಿ, ಅಂದರೆ 4.8 ಲೀಟರ್. ದೊಡ್ಡವರ ಮೈಯಲ್ಲಿ ಇರೋದೇ ಸುಮಾರು 5 ಲೀಟರ್. ಒಂದೇ ರಾತ್ರಿಗೆ ಮನುಷ್ಯ ಉಳಿಯಬಾರದಿತ್ತು, ಅಲ್ವಾ?

ರಕ್ತದಿಂದ ಅದು ಸೋರಿ ಬರುವುದೂ ಇಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವೀರ್ಯಕೋಶದ ದ್ರವ, ಉಳಿದದ್ದರಲ್ಲಿ ಬಹುಪಾಲು ಪ್ರಾಸ್ಟೇಟ್ ಗ್ರಂಥಿಯದ್ದು. ವೀರ್ಯಾಣು ನೂರಕ್ಕೆ ಐದು ಪಾಲೂ ಮೀರಲ್ಲ. ಪ್ರೋಟೀನ್ ಅಂತ ನೋಡಿದರೆ ಒಂದು ಸಲಕ್ಕೆ 150 ಮಿಲಿಗ್ರಾಂ ಆಸುಪಾಸು, ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತೆ. ಬಳಸಿದರೂ ಬಿಟ್ಟರೂ ಅದು ದಿನಾ ತಯಾರಾಗುತ್ತಲೇ ಇರುತ್ತದೆ.

ನಾನು ಲ್ಯಾಬಿನಲ್ಲಿ ಕೆಲಸ ಮಾಡುವವನು, ಅದಕ್ಕೇ ಆ ಬೆಳ್ಳನೆ ಮೂತ್ರದ ಹುಡುಗನ ವಿಷಯಕ್ಕೆ ಬರುತ್ತೇನೆ. ಇಂಥವರ ಮೂತ್ರ ನಮ್ಮಲ್ಲಿ ಬರುತ್ತಲೇ ಇರುತ್ತೆ, ಗಂಜಿ ತಿಳಿಯ ಹಾಗೆ ಕಾಣುತ್ತೆ. ಟ್ಯೂಬಿಗೆ ನಾಲ್ಕಾರು ಹನಿ ತೆಳು ಅಸಿಟಿಕ್ ಆಮ್ಲ ಹಾಕಿದರೆ ಕಣ್ಣೆದುರೇ ತಿಳಿಯಾಗಿಬಿಡುತ್ತದೆ. ತಿಳಿಯಾದರೆ ಅದು ಫಾಸ್ಫೇಟ್ ಲವಣ, ವೀರ್ಯ ಅಲ್ಲ. ಊಟ ಆದ ಮೇಲೆ ಮೂತ್ರದ ಹುಳಿ ಗುಣ ಕಡಿಮೆಯಾದಾಗ ಈ ಲವಣ ಕರಗದೆ ಉಳಿಯುತ್ತದೆ. ಹೊತ್ತೇರಿ ಓಡಿ, ನೀರು ಕಡಿಮೆ ಕುಡಿದವರಲ್ಲಿ ಇನ್ನೂ ಗಟ್ಟಿಯಾಗಿ ಕಾಣುತ್ತೆ. ಹುಡುಗರು ಅಷ್ಟು ಬೆಳ್ಳಗಿರೋದನ್ನು ನೋಡಿ ಬೇರೆ ಏನೂ ಅಂದುಕೊಳ್ಳಲ್ಲ, ಪಾಪ.

ಆಮ್ಲಕ್ಕೆ ತಿಳಿಯಾಗದಿದ್ದರೆ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಕೀವಿನ ಕಣ ಕಂಡರೆ ಸೋಂಕು. ಪೂರ್ತಿ ಹಾಲಿನ ಬಣ್ಣ ಇದ್ದು, ಎಣ್ಣೆ ತುಪ್ಪ ತಿಂದಾಗ ಜಾಸ್ತಿಯಾಗುತ್ತೆ ಅಂದರೆ ಆನೆಕಾಲು ರೋಗದ ಹುಳುವಿನಿಂದ ಆಗಿರಬಹುದು. ನಮ್ಮ ಬಾಗಲಕೋಟೆ, ವಿಜಯಪುರ ಆ ರೋಗ ಇದ್ದ ಜಿಲ್ಲೆಗಳೇ, ಹಾಗಾಗಿ ಅದನ್ನು ಮರೆಯಬಾರದು.

ಗೋಕಾಕದಿಂದ

ನಾನು ಇಲ್ಲಿ ಓದುವುದಷ್ಟೇ, ಬರೆಯೋದಿಲ್ಲ. ನನ್ನದೊಂದು ಹೇಳಲಾ? ಸಂಡಾಸಿಗೆ ಕೂತು ತಿಣುಕಿದಾಗ ಅಂಟಂಟು ಎರಡು ಮೂರು ಹನಿ ಬರುತ್ತದೆ. ಇದನ್ನೂ ನಮ್ಮಲ್ಲಿ ಧಾತು ಅಂತಲೇ ಅನ್ನೋದು. ಗೋಡೆ ಬರಹ ನೋಡಿ ಒಬ್ಬರ ಹತ್ತಿರ ಹೋದೆ, ನಲವತ್ತು ದಿನದ ಪುಡಿ ಕೊಟ್ಟರು, ಹುಳಿ ಖಾರ ಬಿಡು ಅಂದರು. ಊಟ ರುಚಿಸದೆ ತೂಕ ಇಳಿಯಿತು. ತೂಕ ಇಳಿದಿದ್ದಕ್ಕೆ, ನೋಡು ಧಾತು ಹೋಗಿ ಹೀಗಾಗಿದೆ ಅಂತ ಇನ್ನೊಂದು ಕೋರ್ಸ್ ಕೊಟ್ಟರು. ಈಗ ಮದುವೆ ಮಾತು ನಡೆದಿದೆ. ಬೇಡ ಅನ್ನಲಾ?

ಜಮಖಂಡಿಯಿಂದ

ತಮ್ಮಾ, ಅದಕ್ಕೋಸ್ಕರ ಮದುವೆ ಬೇಡ ಅನ್ನಬೇಡ. ಮಲ ಗಟ್ಟಿಯಾಗಿದ್ದು ತಿಣುಕಿದಾಗ ಹಿಂದಿನಿಂದ ಪ್ರಾಸ್ಟೇಟ್ ಮೇಲೆ ಒತ್ತು ಬೀಳುತ್ತೆ, ಅದರ ದ್ರವ ಎರಡು ಹನಿ ಹೊರಗೆ ಬರುತ್ತೆ. ಮಲಬದ್ಧತೆ ಹೋದರೆ ಸಾಮಾನ್ಯವಾಗಿ ಇದೂ ಹೋಗುತ್ತದೆ. ನೀರು, ಸೊಪ್ಪು, ಕಾಳು ಜಾಸ್ತಿ ಮಾಡು. ಪುಡಿ ನಿಲ್ಲಿಸು, ಅದರಲ್ಲಿ ಏನು ಬೆರೆಸಿದ್ದಾರೋ ನಮಗೆ ಗೊತ್ತಿಲ್ಲ. ಆದರೆ ಉರಿ, ಜ್ವರ, ರಕ್ತ, ಹಳದಿ ಕೀವು, ಇದರಲ್ಲಿ ಒಂದು ಇದ್ದರೂ ಡಾಕ್ಟರಿಗೆ ತೋರಿಸು. ತೂಕ ಇಳಿದದ್ದನ್ನೂ ಒಮ್ಮೆ ಅವರಿಗೆ ಹೇಳು, ಪಥ್ಯದಿಂದಲೇ ಇರಬಹುದು, ಆದರೂ ಸಕ್ಕರೆ ಮತ್ತು ಕ್ಷಯ ಇಲ್ಲ ಅಂತ ಖಾತ್ರಿ ಆಗಲಿ.

ಬಾಗಲಕೋಟೆಯಿಂದ

ಲೆಕ್ಕ ಒಪ್ಪಿದೆ. ಆದರೆ ಸಂಯಮವೇ ಸುಳ್ಳು ಅಂತ ಬರೆಯಬೇಡಿ, ಅದು ಬೇರೆ ವಿಷಯ.

ವಿಜಯಪುರದಿಂದ, ಪ್ರಶ್ನೆ ಕೇಳಿದವನು

ಸರ್, ಸಂಯಮ ಅವರವರ ಇಷ್ಟ, ಅದನ್ನು ನಾನು ಮುಟ್ಟೋದಿಲ್ಲ. ಹನಿಗೆ ಕಸುವು ಹೋಗುತ್ತೆ ಅನ್ನುವುದನ್ನು ಮಾತ್ರ ಒಪ್ಪೋಕೆ ಆಗಲ್ಲ. ಈ ಕೊರಗಿಗೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ “ಧಾತ್ ಸಿಂಡ್ರೋಮ್” ಅಂತ ಹೆಸರಿಟ್ಟರು, ನಮ್ಮ ಹುಡುಗರ ಬಾಯಲ್ಲಿರುವ ಪದವೇ ಅದು. ಸುಸ್ತು ಸುಳ್ಳಲ್ಲ. ಸಿಂದಗಿ ಹುಡುಗ ರಾತ್ರಿ ಎದ್ದೆದ್ದು ಚಡ್ಡಿ ನೋಡಿಕೊಳ್ಳುತ್ತಿದ್ದ, ಕನಸು ಬಿದ್ದೀತು ಅಂತ ಹೊತ್ತಾಗುವ ತನಕ ಮಲಗುತ್ತಿರಲಿಲ್ಲ, ಉಷ್ಣ ಅಂತ ಮೊಟ್ಟೆ, ಶೇಂಗಾ ಬಿಟ್ಟಿದ್ದ. ನಿದ್ದೆ ಇಲ್ಲ, ಊಟ ಇಲ್ಲ, ಮೇಲೆ ದಿನಾ ಓಟ. ಕಾಲಲ್ಲಿ ಕಸುವು ಎಲ್ಲಿಂದ ಬರಬೇಕು? ಅವನ ಮೂತ್ರವೂ ಆಮ್ಲಕ್ಕೆ ತಿಳಿಯಾಯಿತು, ಅವನ ಎದುರೇ ಮಾಡಿಸಿದೆ. ಅವತ್ತಿನಿಂದ ಊಟ ಮಾಡುತ್ತಿದ್ದಾನೆ. ಭಯ ಪೂರ್ತಿ ಹೋಗಿಲ್ಲ, ಇನ್ನೂ ಬಂದು ಮಾತಾಡುತ್ತಾನೆ.

ಹಾಗಾಗಿ ತಲೆಬರಹದಲ್ಲಿ “ಧಾತು” ಅಂತಲೇ ಇಡುತ್ತೇನೆ, ಅವರು ಹುಡುಕುವುದು ಅದನ್ನೇ. ಕೆಳಗೆ ಮೊದಲ ಸಾಲು: “ನಿನಗೆ ಕಾಣುವುದು ಯಾವುದು? ನಿದ್ದೆಯಲ್ಲಿ ಒದ್ದೆ, ತಿಣುಕಿದಾಗ ಹನಿ, ಬೆಳ್ಳನೆ ಮೂತ್ರ, ಉರಿ ಮತ್ತು ಕೀವು.” ನಿದ್ದೆಯಲ್ಲಿ ಆಗುವುದಕ್ಕೆ ಪುಸ್ತಕದಲ್ಲಿ “ಸ್ವಪ್ನಸ್ಖಲನ” ಅಂತ ಇದೆ, ಹಳ್ಳಿ ಹುಡುಗನಿಗೆ ಅದು ಓದೋಕೂ ಕಷ್ಟ. “ಕನಸು ಬಿದ್ದು ಹೋಗೋದು” ಅಂದರೆ ನಮ್ಮಲ್ಲಿ ತಿಳಿಯುತ್ತೆ. ಬೆಳಗಾವಿ ಕಡೆ ಏನಂತೀರಿ?