ಸಹಾಯ ಬೇಕು: ಒಂದೇ ಬಜೆಟ್, ಎರಡು ವಿಭಾಗಗಳ ಜಗ್ಗಾಟ

ನಮಸ್ಕಾರ. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಈ ವರ್ಷ ಯಂತ್ರಗಳಿಗೆ ಇರುವುದು 24 ಲಕ್ಷ ರೂಪಾಯಿ. ನಿರ್ವಹಣಾ ವಿಭಾಗಕ್ಕೆ ಕಾಳಿನ ಸಿಪ್ಪೆ ಸುಲಿಯುವ ಹೊಸ ಹಲ್ಲರ್ ಬೇಕು, 18 ಲಕ್ಷ. ಗುಣಮಟ್ಟ ವಿಭಾಗಕ್ಕೆ ಕಪ್ಪು ಕಾಳು ಬೇರ್ಪಡಿಸುವ ಕಲರ್ ಸಾರ್ಟರ್ ಬೇಕು, 15 ಲಕ್ಷ. ಸಮನಾಗಿ ಹಂಚಿದರೆ ಎರಡೂ ಬರುವುದಿಲ್ಲ.

ಯಂತ್ರದ ಮಾತು ಬದಿಗಿಟ್ಟು, ಕೆಳದರ್ಜೆಗೆ ಇಳಿಯುವ ಕಾಳನ್ನು ಕಡಿಮೆ ಮಾಡುವುದೇ ಇಬ್ಬರ ಗುರಿ ಎಂದು ಒಪ್ಪಿಸಿದೆ. ಅಲ್ಲಿಯವರೆಗೆ ಸರಿ ಇತ್ತು. ಕಾಳು ಏಕೆ ಒಡೆಯುತ್ತದೆ ಎಂದಾಗ ಮತ್ತೆ ಜಗಳ: ಹಲ್ಲರ್ ಸವೆದಿದೆ ಎಂದು ಒಬ್ಬರು, ಅತಿಯಾಗಿ ಒಣಗಿದ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇರುವ ಕಾಳು, ಯಾವ ಯಂತ್ರದಲ್ಲೂ ಒಡೆಯುತ್ತದೆ ಎಂದು ಇನ್ನೊಬ್ಬರು. ಇಬ್ಬರದೂ ನಿಜವೇ! ಹಾಗಾಗಿ ತೇವಾಂಶ ಅಳೆದ ಒಂದೇ ಲಾಟನ್ನು ಇಬ್ಬರ ಎದುರೇ ಓಡಿಸಿ, ಒಡೆದ ಕಾಳನ್ನೂ ಕಪ್ಪು ಕಾಳನ್ನೂ ಬೇರೆ ಬೇರೆ ತೂಗೋಣ ಎಂದಿದ್ದೇನೆ.

ಕಪ್ಪು ಕಾಳಿನ ನಷ್ಟವೇ ಹೆಚ್ಚಾದರೆ ಈ ವರ್ಷ ಸಾರ್ಟರ್, 6 ಲಕ್ಷದಲ್ಲಿ ಹಲ್ಲರ್ ದುರಸ್ತಿ, ಉಳಿದ 3 ಲಕ್ಷ ಮೀಸಲು, ಮುಂದಿನ ವರ್ಷ ಹೊಸ ಹಲ್ಲರ್‌ಗೆ ಮೊದಲ ಹಕ್ಕು. ನಿರ್ವಹಣೆಯವರು ಇದನ್ನು ನಂಬುತ್ತಿಲ್ಲ. ಬಜೆಟ್ ಪ್ರತಿ ವರ್ಷ ಹೊಸದು, ಮಾತು ಗಾಳಿಗೆ ಹೋಗುತ್ತದೆ ಎನ್ನುತ್ತಾರೆ.

ಅನುಭವಸ್ಥರು ತಿಳಿಸಿ: ಮುಂದಿನ ವರ್ಷದ ಹಕ್ಕನ್ನು ಆಡಳಿತ ಮಂಡಳಿಯೂ ಸುಲಭವಾಗಿ ಬದಲಿಸದಂತೆ ಒಪ್ಪಂದದಲ್ಲಿ ಹೇಗೆ ಬರೆಯಬೇಕು?