"ಕೇಳಿ" ಅಂದರೆ ಬಾಯಿಗೋ ಕಿವಿಗೋ? ಆ್ಯಪಿನ ಮೊದಲ ಸಾಲಿಗೆ ಮಾತು ಬೇಕು

ಎಲ್ಲರಿಗೂ ನಮಸ್ಕಾರ.

ನಾನು ಕೊಡಗಿನ ಸಿದ್ದಾಪುರದ ಕಡೆಯವನು. ನಾವು ಕೆಲವು ಬೆಳೆಗಾರರು ಸೇರಿ ಒಂದು ಸಣ್ಣ ಆ್ಯಪ್ ಮಾಡಿಸುತ್ತಿದ್ದೇವೆ. ಕಾಫಿ, ಕರಿಮೆಣಸಿನ ಬಗ್ಗೆ ಯಾರು ಬೇಕಾದರೂ ಟೈಪ್ ಮಾಡಿಯೋ ಮಾತಾಡಿಯೋ ಕೇಳಬಹುದು. ತೋಟದಲ್ಲೇ ತಲೆ ಬೆಳ್ಳಗಾದ ಇಬ್ಬರು ಸಂಜೆ ಕೂತು ಉತ್ತರ ಹೇಳುತ್ತಾರೆ. ಅಷ್ಟೇ. ಕಷ್ಟ ಬಂದಿರುವುದು ಮೊದಲ ಪರದೆಯ ಒಂದೇ ಒಂದು ಸಾಲಿನಲ್ಲಿ. ಆ್ಯಪ್ ಮಾಡುವ ಹುಡುಗರು ಹಾಕಿದ್ದು ಇದು:

ಸುಸ್ವಾಗತ! ಕೇಳಿ, ತಿಳಿಯಿರಿ.

ಕೆಳಗೆ ದೊಡ್ಡದಾಗಿ ಮೈಕಿನ ಚಿತ್ರ. ನೋಡಲು ಚೆನ್ನಾಗಿತ್ತು. ಮೊನ್ನೆ ಮನೆಗೆ ಬಂದ ಚಿಕ್ಕಮ್ಮನ ಕೈಗೆ ಫೋನ್ ಕೊಟ್ಟೆ. ಸಾಲು ಓದಿದರು. ಮೈಕ್ ಒತ್ತಿದರು. ಆಮೇಲೆ ಫೋನನ್ನು ಕಿವಿಗೆ ಹಿಡಿದು ಸುಮ್ಮನೆ ಕೂತರು. ಸ್ವಲ್ಪ ಹೊತ್ತಾದ ಮೇಲೆ "ಏನೂ ಬರ್ತಾ ಇಲ್ವಲ್ಲ ಮಗಾ" ಅಂದರು. ಆ್ಯಪ್ ಅವರ ಮಾತಿಗೆ ಕಾಯುತ್ತಿತ್ತು, ಅವರು ಆ್ಯಪಿನ ಮಾತಿಗೆ ಕಾಯುತ್ತಿದ್ದರು. ನಮಗೆ ಬಂದು ತಲುಪಿದ ಪ್ರಶ್ನೆಯಲ್ಲಿ ಇದ್ದದ್ದು ಫ್ಯಾನಿನ ಸದ್ದು ಮಾತ್ರ. ಹಿಂದಿನವನ್ನು ತೆಗೆದು ನೋಡಿದರೆ ಇಂಥ ಖಾಲಿ ರೆಕಾರ್ಡಿಂಗ್ ಇನ್ನೂ ನಾಲ್ಕೈದು ಇದ್ದವು. ಅಲ್ಲಿಯವರೆಗೆ ನೆಟ್‌ವರ್ಕ್ ತೊಂದರೆ ಅಂದುಕೊಂಡಿದ್ದೆವು!

ನನ್ನ ಪ್ರಶ್ನೆ ಇಷ್ಟು. ಬಾಯಿಬಿಟ್ಟು ಕೇಳುವುದಕ್ಕೆ ಮತ್ತು ಕಿವಿಗೊಟ್ಟು ಕೇಳುವುದಕ್ಕೆ ನಮ್ಮಲ್ಲಿ ಒಂದೇ ಮಾತು. ಓದಿದ ಕೂಡಲೇ ಮೊದಲನೆಯದೇ ಹೊಳೆಯಬೇಕು, ಜೊತೆಗೆ ಹೊಸಬರಿಗೆ "ಇಲ್ಲಿ ಕೇಳಿದರೆ ಯಾರೂ ನಗುವುದಿಲ್ಲ" ಅನ್ನಿಸಬೇಕು. ಅಂಥ ಸಾಲನ್ನು ಹೇಗೆ ಬರೆಯೋದು?

---

ಮೈಸೂರಿನಿಂದ, ಅನುವಾದದ ಕೆಲಸ ಮಾಡುವವರು:

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. "ಪ್ರಶ್ನಿಸಿ" ಅಂತ ಹಾಕಿ. ಅದಕ್ಕೆ ಕಿವಿಯ ಅರ್ಥವೇ ಇಲ್ಲ. ಸ್ವಲ್ಪ ಮೆತ್ತಗೆ ಬೇಕಿದ್ದರೆ "ನಿಮ್ಮ ಪ್ರಶ್ನೆಯನ್ನು ಇಲ್ಲಿ ನಮೂದಿಸಿ". ನಾನು ಮಾಡಿದ ಎಷ್ಟೋ ಆ್ಯಪುಗಳಲ್ಲಿ ಇದೇ ಇದೆ.

---

ಸೋಮವಾರಪೇಟೆಯಿಂದ:

ನಮ್ಮ ಅಂಗಡಿಯಲ್ಲೂ ಇದೇ ಕಥೆ. "ಬೆಲೆ ಕೇಳಿ" ಅಂತ ಬೋರ್ಡ್ ಹಾಕಿದ್ದೆ. ಯಾರೂ ಕೇಳಲಿಲ್ಲ, ಎಲ್ಲರೂ ಚೌಕಾಸಿಗೆ ನಿಂತರು. ಬೆಲೆಯನ್ನೇ ಬರೆದು ಹಾಕಿದ ಮೇಲೆ ಸರಿಹೋಯಿತು. ನೀವೂ ಉತ್ತರವನ್ನೇ ಮೊದಲು ಹಾಕಿಬಿಡಿ. ಆಮೇಲೆ, ಆ್ಯಪಿನಲ್ಲಿ ಹಾಡು ಕೇಳುವ ಸೌಲಭ್ಯವೂ ಇದೆಯಾ? ಸರಿಯಾಗಿ ಅರ್ಥವಾಗಲಿಲ್ಲ.

---

ವಿರಾಜಪೇಟೆಯಿಂದ, ನಿವೃತ್ತ ಕನ್ನಡ ಮೇಷ್ಟ್ರು:

ಸೋಮವಾರಪೇಟೆಯವರೇ, ಹಾಡು ಇಲ್ಲ. ಆದರೆ ನಿಮಗೂ ಹಾಗೆ ಅನ್ನಿಸಿತಲ್ಲ, ಈ ಪದದ ತೊಂದರೆ ಅದೇ.

ಮೈಸೂರಿನವರು ಹೇಳಿದ್ದು ಅರ್ಧ ಸರಿ. "ಪ್ರಶ್ನಿಸಿ"ಗೆ ಕಿವಿಯ ಅರ್ಥ ಇಲ್ಲ, ನಿಜ. ಆದರೆ ಈಗ ಅದಕ್ಕೆ ಸವಾಲು ಹಾಕುವ ಅರ್ಥ ಅಂಟಿಕೊಂಡಿದೆ. ಆದೇಶವನ್ನು ಪ್ರಶ್ನಿಸುತ್ತಾರೆ, ತೀರ್ಪನ್ನು ಪ್ರಶ್ನಿಸುತ್ತಾರೆ. ಗಿಡಕ್ಕೆ ಹುಳ ಬಿದ್ದಾಗ ಯಾರೂ ಪ್ರಶ್ನಿಸುವುದಿಲ್ಲ, ಕೇಳುತ್ತಾರೆ. ಇನ್ನು "ಪ್ರಶ್ನೆ" ಅಂದರೆ ಒಂದು ಪರೀಕ್ಷೆ, ಇಲ್ಲದಿದ್ದರೆ ಜೋಯಿಸರು. ನಮ್ಮ ಕಡೆ "ಪ್ರಶ್ನೆ ಇಡಿಸಿದ್ರಾ?" ಅಂದರೆ ಕವಡೆ ಹಾಕಿಸಿದಿರಾ ಅಂತಲೇ. "ನಮೂದಿಸಿ"ಯನ್ನಂತೂ ಬಿಟ್ಟೇ ಬಿಡಿ. ಅದು ಅರ್ಜಿ ಫಾರಮ್ಮಿನ ಮಾತು. ಓದಿದವರು ತಕ್ಷಣ ಆಧಾರ್ ಕಾರ್ಡ್ ಹುಡುಕುತ್ತಾರೆ.

ಹಾಗಾಗಿ "ಕೇಳು" ಇರಲಿ. ಎರಡು ಅರ್ಥ ಹೊಸದೇನಲ್ಲ, 1894ರ ಕಿಟೆಲ್ ನಿಘಂಟಿನಲ್ಲೂ ಎರಡೂ ಇವೆ. ಇಷ್ಟು ಕಾಲ ನಮಗೆ ಗೊಂದಲ ಆಗಿಲ್ಲ ಯಾಕೆ? "ಕೇಳು" ಒಂಟಿಯಾಗಿ ಬರುವುದು ಕಡಿಮೆ, ಅದಕ್ಕೆ. ಅದರ ಹಿಂದೆ ಯಾವ ವಿಭಕ್ತಿ ಇದೆ ಅಂತ ನೋಡಿಕೊಂಡು ನಾವು ಅರ್ಥ ಮಾಡಿಕೊಳ್ಳುತ್ತೇವೆ. "ಅವರನ್ನು ಕೇಳಿ" ಅಂದರೆ ಬಾಯಿ. "ಅವರಿಂದ ಕೇಳಿ" ಅಂದರೆ ಕಿವಿ. "ಅವರ ಮಾತು ಕೇಳಿ" ಅಂದರೆ ಕಿವಿಯೂ ಹೌದು, ಹೇಳಿದ ಹಾಗೆ ನಡೆಯುವುದೂ ಹೌದು. "ಅವರ ಹತ್ತಿರ ಕೇಳಿ" ಅಂದರೆ ಬಾಯಿಯೇ, ಬೇರೆ ಅರ್ಥ ಬರುವುದಿಲ್ಲ.

ನಿಮ್ಮ ಸಾಲಿನಲ್ಲಿ ಯಾರ ಹತ್ತಿರ ಅನ್ನುವುದೇ ಇಲ್ಲ. ಸಾಲದ್ದಕ್ಕೆ "ಕೇಳಿ, ತಿಳಿಯಿರಿ" ಅಂತ ಜೋಡಿ. ಹರಿಕಥೆಯವರು ಹೇಳುವುದೂ ಹಾಗೇ ತಾನೆ? ನಿಮ್ಮ ಚಿಕ್ಕಮ್ಮ ಕಿವಿಗೆ ಹಿಡಿದದ್ದರಲ್ಲಿ ತಪ್ಪಿಲ್ಲ. ಇನ್ನೊಂದು ಗಮನಿಸಿ. "ಕೇಳುಗ" ಅಂದರೆ ಯಾವಾಗಲೂ ಕಿವಿಗೊಡುವವನೇ. ಪ್ರಶ್ನೆ ಹಾಕುವವನನ್ನು ಯಾರೂ ಕೇಳುಗ ಅನ್ನುವುದಿಲ್ಲ. ಒಂಟಿಯಾಗಿ ಬಿಟ್ಟರೆ ಈ ಪದ ಕಿವಿಯ ಕಡೆಗೇ ವಾಲುತ್ತದೆ ಅಂತ ನನ್ನ ಅನಿಸಿಕೆ.

---

ಧಾರವಾಡದಿಂದ:

ಮೇಷ್ಟ್ರ "ಅವರನ್ನು ಕೇಳಿ" ನಮ್ಮ ಕಡೆ ಪುಸ್ತಕದ ಮಾತಾಯಿತು. ನಾವು "ನಮಗ ಕೇಳ್ರಿ" ಅಂತೀವಿ. ಹಂಗ ಹಾಕಿದರ ಸಾಕಲ್ಲ?

---

ಮೇಷ್ಟ್ರು ಮತ್ತೆ:

ಧಾರವಾಡದಲ್ಲಿ ಸರಿ. ಕೊಡಗಿನಲ್ಲಿ "ನಮಗೆ ಕೇಳಿ" ಅಂತ ಬರೆದರೆ ಮುಂದೆ ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ. ಇಲ್ಲಿ "ನಮಗೆ ಕೇಳ್ತು" ಅಂದರೆ ಸದ್ದು ಕಿವಿಗೆ ಬಿತ್ತು ಅಂತ. ಇಲ್ಲಿಯ ಬಾಯಿಮಾತು "ಹತ್ರ ಕೇಳು". ಅದು ಧಾರವಾಡದವರಿಗೂ ತಿಳಿಯುತ್ತದೆ ಅಲ್ವಾ?

---

ಪೊನ್ನಂಪೇಟೆಯಿಂದ:

ನಮ್ಮ ಮನೆಮಾತು ಮಲಯಾಳಂ. ಅದರಲ್ಲಿ "ಕೇಳ್ಕ್ಕುಕ" ಕಿವಿಯ ಕೆಲಸ. ಬಾಯಲ್ಲಿ ಕೇಳುವುದಕ್ಕೆ "ಚೋದಿಕ್ಕುಕ" ಅಂತ ಬೇರೆಯೇ ಇದೆ. ಕನ್ನಡ ಶಾಲೆಯಲ್ಲೇ ಓದಿದ್ದರೂ "ಕೇಳಿ" ಕಂಡರೆ ನನಗೆ ಇವತ್ತಿಗೂ ಮೊದಲು ರೇಡಿಯೋ ನೆನಪಾಗುತ್ತದೆ. ನಮ್ಮ ಪಕ್ಕದ ಮನೆಯ ತುಳುವರಿಗೆ ಈ ತೊಂದರೆ ಇಲ್ಲ. ಅವರ "ಕೇಣುನಿ" ಎರಡಕ್ಕೂ ಆಗುತ್ತದೆ. ಕೊಡಗಿನಲ್ಲಿ ಒಂದೊಂದು ಮನೆಯಲ್ಲಿ ಒಂದೊಂದು ಮಾತು. ಕನ್ನಡದ ಸಾಲನ್ನು ಓದುವವರೆಲ್ಲ ಮನೆಯಲ್ಲಿ ಕನ್ನಡ ಆಡುವವರಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನನ್ನ ಸಲಹೆ: "ಏನು ಬೇಕಾದರೂ ಕೇಳಿ". ಇದರಲ್ಲಿ ರೇಡಿಯೋ ಬರುವುದಿಲ್ಲ.

---

ಸಿದ್ದಾಪುರದಿಂದ, ಮೊದಲು ಬರೆದವನು:

ಪೊನ್ನಂಪೇಟೆಯವರ ಸಾಲನ್ನು ಒಂದು ವಾರ ಹಾಕಿ ನೋಡಿದೆ. ಕಿವಿಗೆ ಹಿಡಿಯುವುದು ನಿಂತಿತು. ಆದರೆ ಬಂದದ್ದು ಏನು ಗೊತ್ತಾ? "ಹಲೋ". "ಟೆಸ್ಟ್". ಒಬ್ಬರು ಸಾಲ ಸಿಗುತ್ತಾ ಅಂತ ಕೇಳಿದರು. ಏನು ಬೇಕಾದರೂ ಅಂದಾಗ ಏನು ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಮೇಷ್ಟ್ರು ಫೋನಿನಲ್ಲಿ ನಕ್ಕರು, "ದೇವರು ಪ್ರತ್ಯಕ್ಷ ಆಗಿ ವರ ಕೇಳು ಅಂದ ಹಾಗಾಯ್ತಲ್ಲಪ್ಪಾ" ಅಂತ.

ಆಮೇಲೆ ಸಾಲಿನ ಕೆಳಗೆ ಒಂದು ಉದಾಹರಣೆ ಸೇರಿಸಿದೆ. ಮೊದಲು ಅದು ಬರೆಯುವ ಚೌಕದ ಒಳಗೇ ತೆಳು ಬೂದು ಬಣ್ಣದಲ್ಲಿತ್ತು. ಅದೂ ಎಡವಟ್ಟಾಯಿತು. ಕೆಲವರು ಅದನ್ನು ಮೊದಲೇ ತುಂಬಿಸಿಟ್ಟ ಪ್ರಶ್ನೆ ಅಂದುಕೊಂಡು ಕಳಿಸುವ ಬಟನ್ ಒತ್ತುತ್ತಿದ್ದರು. ಉಳಿದವರಿಗೆ ಒಂದಕ್ಷರ ಟೈಪ್ ಮಾಡಿದ ಕೂಡಲೇ ಅದು ಮಾಯ. ಕಣದಲ್ಲಿ ಬಿಸಿಲಿಗೆ ನಿಂತು ನೋಡಿದರಂತೂ ಕಾಣುವುದೇ ಇಲ್ಲ. ಈಗ ಚೌಕದ ಹೊರಗೆ, ಮೇಲೆ, ಕಪ್ಪು ಅಕ್ಷರದಲ್ಲಿ ಇಟ್ಟಿದ್ದೇನೆ:

ಬನ್ನಿ. ತೋಟದ ಬಗ್ಗೆ ನಮ್ಮ ಹತ್ತಿರ ಏನಾದರೂ ಕೇಳಬೇಕಾ?
ಹೀಗೆ ಕೇಳಬಹುದು: "60 ಸೆಂಟ್ ಮಳೆ ಬಂದಿದೆ. ಸ್ಪ್ರಿಂಕ್ಲರ್ ಹಾಕಬೇಕಾ?"

(ಹೊರಗಿನವರಿಗೆ: ನಾವು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತೇವೆ. ನೂರು ಸೆಂಟಿಗೆ ಒಂದಿಂಚು. ರೋಬಸ್ಟಾ ಹೂ ಬಿಡುವ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು.)

ಬೇಕೆಂದೇ ಸಣ್ಣ, ದಿನನಿತ್ಯದ ಪ್ರಶ್ನೆ ಆರಿಸಿದೆ. ಮೊದಲು ಕಾಂಡ ಕೊರಕದ ಬಗ್ಗೆ ಉದ್ದನೆಯದೊಂದನ್ನು ಇಟ್ಟಿದ್ದೆ. ಅದನ್ನು ಓದಿದ ನೆರೆಯವರು "ಇಷ್ಟೆಲ್ಲ ಗೊತ್ತಿದ್ದವರು ಕೇಳೋ ಜಾಗ ಇದು" ಅಂದುಬಿಟ್ಟರು.

"ಸುಸ್ವಾಗತ" ತೆಗೆದೆ. ಅದು ಮದುವೆ ಮಂಟಪದ ಕಮಾನಿನ ಮಾತು. ಮನೆಬಾಗಿಲಿಗೆ ಬಂದವರಿಗೆ ನಾವು "ಬನ್ನಿ" ಅನ್ನುತ್ತೇವೆ.

ಮೈಕಿನ ಕೆಳಗೆ "ಒತ್ತಿ ಮಾತಾಡಿ" ಅಂತ ಬರೆದೆ. ಉತ್ತರದ ಧ್ವನಿಗೆ "ಉತ್ತರ ಕೇಳಿಸಿಕೊಳ್ಳಿ". "ಆಲಿಸಿ" ಚಿಕ್ಕದು ನಿಜ, ಆದರೆ ಯಾರೂ ಮನೆಯಲ್ಲಿ ಆಡುವುದಿಲ್ಲ. ಖಾಲಿ ರೆಕಾರ್ಡಿಂಗ್ ಬರುವುದು ನಿಂತಿದೆ.

ಚಿಕ್ಕಮ್ಮನಿಗೆ ಮತ್ತೆ ತೋರಿಸಿ ಪ್ರಯೋಜನ ಇರಲಿಲ್ಲ, ಅವರಿಗೆ ಆಗಲೇ ಗೊತ್ತಾಗಿದೆ. ಗೋಣಿಕೊಪ್ಪದಲ್ಲಿ ಹೊಸಬರಿಗೆ ತೋರಿಸಿದೆ. "ಅರ್ಥ ಆಯ್ತಾ?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಇದು ಏನು ಮಾಡಿ ಅಂತಿದೆ?" ಅಂದೆ. ಎಲ್ಲರೂ "ಏನೋ ಕೇಳ್ಬೇಕಂತೆ, ಹೇಳ್ತಾರಂತೆ" ಅಂದರು.

---

ಮೇಷ್ಟ್ರು:

ಚೆನ್ನಾಗಿದೆ. ಆದರೆ "ಕೇಳಬೇಕಾ?" ನನಗೆ ಸ್ವಲ್ಪ ಕಚ್ಚುತ್ತದೆ. "ಜುಲೈನಲ್ಲಿ ಮಡಿಕೇರಿಯ ಮಳೆ ಕೇಳಬೇಕಾ!" ಅನ್ನುವುದಿಲ್ಲವೇ? ಬಾಯಲ್ಲಿ ಹೇಳಿದರೆ ರಾಗದಲ್ಲಿ ಗೊತ್ತಾಗುತ್ತದೆ. ಪರದೆಗೆ ರಾಗ ಇಲ್ಲ. "ಕೇಳಬೇಕಿತ್ತಾ?" ಇನ್ನೂ ವಿನಯ, ಆದರೆ "ಕೇಳಬೇಕಿತ್ತು" ಅಂದರೆ ಕೇಳದೆ ತಪ್ಪು ಮಾಡಿದಿರಿ ಅಂತಲೂ ಆಗುತ್ತದೆ. "ಕೇಳುವುದಿದೆಯಾ?" ಅಂತ ಮಾಡಿ.

---

ಮೈಸೂರಿನಿಂದ:

"ಪ್ರಶ್ನಿಸಿ" ಬೇಡ, ಒಪ್ಪಿದೆ. ಆದರೆ "ಕೇಳುವುದಿದೆಯಾ" ಎರಡು ದೋಣಿಯಲ್ಲಿ ಕಾಲಿಟ್ಟಂತಿದೆ. ಒಂದೋ "ಕೇಳೋದಿದೆಯಾ", ಇಲ್ಲವೇ "ಕೇಳುವುದಿದೆಯೇ".

ಮತ್ತೆ ಒಂದು ಎಚ್ಚರಿಕೆ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟುಕೊಂಡವರ ಪರದೆಯನ್ನು ನೋಡಿದ್ದೀರಾ? ಸಾಲಿಗೆ ಜಾಗ ಸಾಲದಿದ್ದರೆ ಬಾಲ ಕತ್ತರಿಸಿ ಮೂರು ಚುಕ್ಕಿ ಬೀಳುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬಂದಿರುತ್ತದೆ, ಅಷ್ಟು ನಷ್ಟ ಇಲ್ಲ. ನಮ್ಮಲ್ಲಿ ಅದು ಬರುವುದೇ ಕೊನೆಗೆ. ನಿಮ್ಮ ಸಾಲು "ಬನ್ನಿ. ತೋಟದ ಬಗ್ಗೆ ನಮ್ಮ ಹತ್ತಿರ…" ಅಂತ ನಿಂತರೆ ಏನೋ ಮಾರುವ ಜಾಹೀರಾತು ಆಗುತ್ತದೆ.

---

ಸಿದ್ದಾಪುರದಿಂದ:

ಅಪ್ಪನ ಫೋನ್ ತೆಗೆದು ನೋಡಿದೆ. ಮೈಸೂರಿನವರು ಹೇಳಿದಂತೆಯೇ ಕತ್ತರಿಸಿತ್ತು. ಅದಕ್ಕೇ ಅಪ್ಪ ಇಷ್ಟು ದಿನ ಅದನ್ನು ಮುಟ್ಟಿರಲಿಲ್ಲ ಅಂತ ಕಾಣುತ್ತದೆ. ಎಷ್ಟು ಸಾಲಾದರೂ ಕೆಳಗೆ ಇಳಿಯಲಿ, ಕತ್ತರಿಸಬೇಡಿ ಅಂತ ಹುಡುಗರಿಗೆ ಹೇಳಿದ್ದೇನೆ. "ತೋಟದ ಬಗ್ಗೆ" ತೆಗೆದುಬಿಟ್ಟೆ, ಉದಾಹರಣೆಯೇ ಅದನ್ನು ಹೇಳುತ್ತದೆ. ಈಗ ಇರುವುದು:

ಬನ್ನಿ. ನಮ್ಮ ಹತ್ತಿರ ಏನಾದರೂ ಕೇಳೋದಿದೆಯಾ?

ಉತ್ತರ ಹೇಳುವ ಇಬ್ಬರಲ್ಲಿ ಒಬ್ಬರಿಗೆ "ಕೇಳೋದು" ಬರಹದಲ್ಲಿ ಬೇಡವಂತೆ, ಸಡಿಲವಾಯಿತಂತೆ. ಇನ್ನೊಬ್ಬರಿಗೆ ಅದೇ ಇಷ್ಟ. ಧಾರವಾಡದವರು ಇದನ್ನು ಓದಿ ಹೇಗನ್ನಿಸಿತು ಅಂತ ಒಂದು ಮಾತು ಬರೆಯುತ್ತೀರಾ?